ರೊಟೇಷನಲ್ ಶಿಫ್ಟ್ ಅಂತ ಬರ್ದಿರೋ ಆ ಮೆಸೇಜನ್ನ ಸಾಲು ಸಾಲಾಗಿ ಓದೋಣ ಬನ್ನಿ

(ಹಾಸನದ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಫೈನಲ್ ಇಯರ್ ಮಕ್ಕಳ ಜೊತೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿ ನಾನೇ ಟೈಪ್ ಮಾಡಿದ್ದೀನಿ, ಮಾತಾಡಿದ ಹಾಗೇ ಬಿಟ್ಟಿದ್ದೀನಿ, ಅಲ್ಲಲ್ಲಿ ಒಂಚೂರು ಕತ್ತರಿಸಿದ್ದೀನಿ ಅಷ್ಟೆ.)

ಎಲ್ರಿಗೂ ನಮಸ್ಕಾರ. ಮೈಕ್ ಕೇಳ್ತಾ ಇದ್ಯಾ ಹಿಂದಿನ ಬೆಂಚಿಗೆ? ಸರಿ. ನಾನು ಕಾಲ್ ಸೆಂಟರಲ್ಲಿ ಫೋನ್ ಎತ್ತೋ ಕೆಲ್ಸದಿಂದ ಶುರು ಮಾಡ್ದೋಳು, ಆಮೇಲೆ ಕೆಲವು ವರ್ಷ ರೋಸ್ಟರ್, ಅಂದ್ರೆ ಯಾರು ಯಾವ ಹೊತ್ತಿಗೆ ಸೀಟಲ್ಲಿ ಕೂರ್ಬೇಕು ಅನ್ನೋ ಪಟ್ಟಿ, ಮಾಡೋ ಟೀಮಲ್ಲಿದ್ದೆ, ಈಗ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರ್ತೀನಿ. ಕಾಲೇಜಿನೋರು "ಕೆರಿಯರ್ ಗೈಡೆನ್ಸ್" ಅಂತ ಬೋರ್ಡ್ ಹಾಕಿದ್ದಾರೆ, ಅದ್ನೆಲ್ಲ ಬಿಡಿ, ನಂಗೆ ಗೈಡೆನ್ಸ್ ಕೊಡೋಕೆ ಬರಲ್ಲ. ಬೆಳಗ್ಗೆ ಸ್ಟಾಫ್ ರೂಮಲ್ಲಿ ಕಾಫಿ ಕುಡೀತಾ ಇರುವಾಗ ನಿಮ್ಮಲ್ಲೇ ಒಬ್ಬ ಹುಡುಗಿ ಬಂದು ಫೋನ್ ತೋರಿಸಿದ್ಲು, ಮೇಡಂ ಈ ಮೆಸೇಜ್ ನಿಜಾನಾ ಸುಳ್ಳಾ ಅಂತ. ಕ್ಲಾಸ್ ಗ್ರೂಪಲ್ಲಿ ಬಂದಿದೆಯಂತೆ, ನಿಮ್ಮೆಲ್ರ ಫೋನಲ್ಲೂ ಇರತ್ತೆ ಬಿಡಿ. ಇವತ್ತು ಅದೊಂದೇ ಮೆಸೇಜ್ ಓದೋಣ, ಬೇರೇನೂ ಬೇಡ.

ಓದ್ತೀನಿ ಕೇಳಿ. "ಅರ್ಜೆಂಟ್ ಹೈರಿಂಗ್. ಕಸ್ಟಮರ್ ಸಪೋರ್ಟ್ ಅಸೋಸಿಯೇಟ್, ವಾಯ್ಸ್ ಪ್ರೋಸೆಸ್. ಲ್ಯಾಂಗ್ವೇಜ್ ಕನ್ನಡ ಎಕ್ಸಲೆಂಟ್, ಪ್ಲಸ್ ತೆಲುಗು ಆರ್ ತಮಿಳು ಆರ್ ಹಿಂದಿ, ಇಂಗ್ಲಿಷ್ ಆವರೇಜ್. ಪಿಯುಸಿ, ಎನಿ ಡಿಗ್ರಿ, ಫ್ರೆಶರ್ಸ್ ಓಕೆ. ಸಿಕ್ಸ್ ಡೇಸ್ ವರ್ಕಿಂಗ್, ರೊಟೇಷನಲ್ ಶಿಫ್ಟ್, ರೊಟೇಷನಲ್ ವೀಕ್ ಆಫ್. ರೌಂಡ್ಸ್ ಎಚ್‌ಆರ್, ವರ್ಸಂಟ್, ಆಪ್ಸ್. ಲೊಕೇಷನ್ ಬೆಂಗಳೂರು. ಇಮ್ಮಿಡಿಯೇಟ್ ಜಾಯ್ನರ್ಸ್ ಓನ್ಲಿ." ಕೊನೇಲಿ ಮೂರು ಬೆಂಕಿ ಎಮೋಜಿ. ಅಷ್ಟೇ.

ಇದನ್ನ ನೀವು ಓದೋದು ಹೆಂಗೆ ಅಂದ್ರೆ, ಕನ್ನಡ ಬರತ್ತೆ ಟಿಕ್, ಡಿಗ್ರಿ ಇದೆ ಟಿಕ್, ಶಿಫ್ಟ್ ನೋಡ್ಕೊಂಡ್ರಾಯ್ತು, ರೌಂಡ್ಸ್ ಅಲ್ಲಿ ಹೋದ್ಮೇಲೆ ಗೊತ್ತಾಗತ್ತೆ. ಭಾಷೆ, ಶಿಫ್ಟು, ಟೆಸ್ಟು, ಮೂರೂ ಬೇರೆ ಬೇರೆ ವಿಷ್ಯ ಅನ್ನೋ ಥರ. ನಾನು ಆ ಕಡೆ ಕೂತು ಇಂಥ ಮೆಸೇಜ್ ಕಳ್ಸೋ ಹಿಂದಿನ ಲೆಕ್ಕ ಮಾಡಿದ್ದೀನಿ, ಅದಕ್ಕೇ ಹೇಳ್ತಾ ಇರೋದು, ಆ ಮೂರೂ ಒಂದೇ ವಿಷ್ಯ. ಯಾವುದೋ ಒಂದು ಅರ್ಧ ಗಂಟೆಗೆ ಯಾವುದೋ ಒಂದು ಭಾಷೆಗೆ ಸೀಟು ಖಾಲಿ ಇದೆ, ಅಲ್ಲಿ ಕೂರೋಕೆ ಆಗತ್ತಾ ಅಂತ ಕೇಳ್ತಾ ಇದ್ದಾರೆ.

ಅರ್ಧ ಗಂಟೆ ಅಂದೆ ನೋಡಿ, ಅದು ಸುಮ್ನೆ ಬಾಯಿಗೆ ಬಂದಿದ್ದಲ್ಲ. ಕಾಲ್ ಸೆಂಟರಲ್ಲಿ ದಿನಾನ 48 ಅರ್ಧ ಗಂಟೆಯಾಗಿ ಕತ್ತರಿಸಿ ಇಟ್ಟಿರ್ತಾರೆ, ಕೆಲವು ಕಡೆ 15 ನಿಮಿಷದ ಚೂರು. ಒಂದೊಂದು ಚೂರಿಗೂ ಎಷ್ಟು ಕಾಲ್ ಬರತ್ತೆ ಅಂತ ಹಳೇ ಡೇಟಾ ನೋಡಿ ಅಂದಾಜು ಮಾಡ್ತಾರೆ. ಊಟದ ಆರ್ಡರ್ ಕಂಪನಿ ಆದ್ರೆ ಮಧ್ಯಾಹ್ನ, ರಾತ್ರಿ ಊಟದ ಹೊತ್ತಲ್ಲಿ ಗುಡ್ಡದ ಥರ ಏರತ್ತೆ, ಬ್ಯಾಂಕ್ ಕಾರ್ಡಿನದಾದ್ರೆ ತಿಂಗಳ ಮೊದಲ ವಾರ ಏರತ್ತೆ.

ಈಗ ಒಂದು ಸಣ್ಣ ಲೆಕ್ಕ, ಬೋರ್ಡ್ ಮೇಲೆ ಬರೀತೀನಿ, ಭಯ ಬೀಳ್ಬೇಡಿ ಗುಣಾಕಾರ ಅಷ್ಟೇ. ಅರ್ಧ ಗಂಟೇಲಿ 100 ಕಾಲ್ ಬರತ್ತೆ, ಒಂದು ಕಾಲ್ ಮುಗಿಸಿ ನೋಟ್ಸ್ ಬರೆಯೋಕೆ ಸೇರಿ 6 ನಿಮಿಷ. ಒಟ್ಟು 600 ನಿಮಿಷದ ಕೆಲ್ಸ, ಒಬ್ಬೊಬ್ರ ಹತ್ರ 30 ನಿಮಿಷ ಇದೆ. ಎಷ್ಟು ಜನ ಬೇಕು? (ಹಿಂದಿಂದ ಯಾರೋ "ಇಪ್ಪತ್ತು" ಅಂದ್ರು.) ಹಾಂ, ಎಲ್ರೂ 20 ಅಂತಾನೇ ಹೇಳೋದು, ನಾನೂ ಹಂಗೇ ಹೇಳಿದ್ದೆ. ಆದ್ರೆ 20 ಜನ ಕೂತ್ರೆ ಲೈನ್ ಬೆಳೀತಾನೇ ಹೋಗತ್ತೆ, ಯಾಕಂದ್ರೆ ಕಾಲ್‌ಗಳು ರೇಷನ್ ಅಂಗಡಿ ಕ್ಯೂ ಥರ ಒಂದರ ಹಿಂದೆ ಒಂದು ನೀಟಾಗಿ ಬರಲ್ಲ, ಒಂದು ನಿಮಿಷ ಯಾರೂ ಇಲ್ಲ, ಮುಂದಿನ ನಿಮಿಷ ಒಂಬತ್ತು ಜನ. ಇದ್ರ ಲೆಕ್ಕಾನ ಡೆನ್ಮಾರ್ಕಲ್ಲಿ ಎರ್ಲಾಂಗ್ ಅಂತ ಒಬ್ರು, ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನೀಲಿ ಇದ್ದೋರು, 1917ರಲ್ಲೇ ಬರೆದಿಟ್ಟಿದ್ದಾರೆ, ಇವತ್ತಿಗೂ ಬೆಂಗಳೂರಲ್ಲಿ ರೋಸ್ಟರ್ ಮಾಡೋದು ಅವ್ರ ಫಾರ್ಮುಲಾ ಮೇಲೇನೇ. ನೂರಕ್ಕೆ 80 ಕಾಲ್ ಆದ್ರೂ 20 ಸೆಕೆಂಡೊಳಗೆ ಎತ್ತಬೇಕು ಅಂತಿದ್ರೆ ಈ ಲೆಕ್ಕಕ್ಕೆ 25 ಜನ ಬೇಕು. ಅದೂ ಸೀಟಲ್ಲಿ ಹೆಡ್‌ಸೆಟ್ ಹಾಕ್ಕೊಂಡು ಕೂತಿರೋ 25. ರಜೆ, ಬ್ರೇಕು, ಟ್ರೈನಿಂಗು, ಮದುವೆ ಇದೆ ಅಂತ ಊರಿಗೆ ಹೋಗಿರೋರು ಎಲ್ಲ ಸೇರಿ ನೂರಕ್ಕೆ 30 ಜನ ಸೀಟಲ್ಲಿ ಇರಲ್ಲ ಅಂತ ಇಟ್ಕೊಂಡ್ರೆ 36 ಜನಾನ ಕೆಲ್ಸಕ್ಕೆ ಇಟ್ಕೋಬೇಕು. ಆ ಇಲ್ದೇ ಇರೋ ಪಾಲಿಗೆ ಶ್ರಿಂಕೇಜ್ ಅಂತಾರೆ, ಬಟ್ಟೆ ಒಗೆದ್ರೆ ಕುಗ್ಗತ್ತಲ್ಲ ಹಂಗೆ.

ಈಗ ಭಾಷೆ ಸಾಲಿಗೆ ಬನ್ನಿ. "ಪ್ಲಸ್ ತೆಲುಗು ಆರ್ ತಮಿಳು ಆರ್ ಹಿಂದಿ." ಕನ್ನಡ ಕಸ್ಟಮರ್ ಜೊತೆ ಮಾತಾಡೋಕೆ ತೆಲುಗು ಯಾಕೆ? ಒಬ್ಬ ಹುಡುಗ ನಂಗೆ ಕೋಪದಲ್ಲೇ ಕೇಳಿದ್ದ, ಕನ್ನಡದೋರಿಗೆ ಕನ್ನಡ ಸಾಕಾಗಲ್ವಾ ಅಂತ. ಅವ್ನ ಕೋಪ ನ್ಯಾಯವಾದ್ದೇ, ಆದ್ರೆ ಕಾರಣ ಬೇರೆ. ರಾತ್ರಿ ಎರಡು ಗಂಟೆ ಅಂತ ಇಟ್ಕೊಳ್ಳಿ. ಅರ್ಧ ಗಂಟೇಲಿ ಕನ್ನಡದಲ್ಲಿ ಮೂರು ಕಾಲ್, ತೆಲುಗಲ್ಲಿ ಮೂರು, ತಮಿಳಲ್ಲಿ ಮೂರು. ಒಂದೊಂದು ಭಾಷೆಗೆ ಬೇರೆ ಬೇರೆ ಕ್ಯೂ ಇಟ್ರೆ ಅದೇ 20 ಸೆಕೆಂಡ್ ಲೆಕ್ಕಕ್ಕೆ ಒಂದೊಂದಕ್ಕೂ ಇಬ್ಬಿಬ್ರು ಬೇಕು, ಒಬ್ರಿದ್ರೆ ಅವ್ರು ಫೋನಲ್ಲಿದ್ದಾಗ ಬರೋ ಎರಡನೇ ಕಾಲ್ ಕಾಯ್ತಾನೇ ಇರತ್ತೆ. ಅಲ್ಲಿಗೆ ಆರು ಜನ, ಆ ಆರೂ ಜನ ಹತ್ತಿರ ಹತ್ತಿರ ಮುಕ್ಕಾಲು ಹೊತ್ತು ಸುಮ್ನೆ ಕೂತು ಆಕಳಿಸ್ತಾ ಇರ್ತಾರೆ. ಅದೇ ಮೂರೂ ಭಾಷೆ ಬರೋರನ್ನ ಕೂರಿಸಿದ್ರೆ ನಾಲ್ಕೇ ಜನ ಸಾಕು. ಆರರಿಂದ ನಾಲ್ಕಕ್ಕೆ ಇಳೀತು ನೋಡಿ. ನಿಮಗೆ ಆ ಪ್ಲಸ್ ಭಾಷೆ ಬಂದ್ರೆ ನಿಮ್ಮನ್ನ ಕೇಳೋದು ಅದಕ್ಕೇ, ಮತ್ತೆ ನಿಮ್ಮನ್ನ ನೈಟಿಗೆ ಹಾಕೋದೂ ಅದಕ್ಕೇ. ಎರಡು ಭಾಷೆ ಇದ್ರೆ ಸಂಬಳ ಸ್ವಲ್ಪ ಜಾಸ್ತಿ ಸಿಗಬಹುದು, ಕೆಲವು ಕಡೆ ಲ್ಯಾಂಗ್ವೇಜ್ ಅಲೋಯನ್ಸ್ ಅಂತ ಕೊಡ್ತಾರೆ, ಆದ್ರೆ ರಾತ್ರಿ ಸೀಟಿಗೆ ಮೊದಲು ಬೀಳೋ ಹೆಸರೂ ನಿಮ್ಮದೇ ಆಗಿರತ್ತೆ. ಇದನ್ನ ಯಾವ ಎಚ್‌ಆರೂ ಹೇಳಲ್ಲ. ಅವ್ರಿಗೇ ಗೊತ್ತಿರಲ್ಲ ಎಷ್ಟೋ ಸಲ, ಪಾಪ.

ಹಾಗಾಗಿ ಸುಮ್ನೆ ಸಿನಿಮಾ ನೋಡಿ ಕಲ್ತ ಅರೆಬರೆ ತೆಲುಗನ್ನ ಫಾರಮ್ಮಲ್ಲಿ "ಫ್ಲೂಯೆಂಟ್" ಅಂತ ಟಿಕ್ ಮಾಡ್ಬೇಡಿ. ಟಿಕ್ ಮಾಡಿದ್ರೆ ಆ ಕ್ಯೂಗೆ ನಿಮ್ಮ ಲಾಗಿನ್ ಸೇರಿಸ್ತಾರೆ, ಕಾಲ್ ಬಂದೇ ಬರತ್ತೆ, ಆ ಕಡೆಯಿಂದ ಗುಂಟೂರಿನ ಯಜಮಾನ್ರು ಫುಲ್ ಸ್ಪೀಡಲ್ಲಿ ಬಯ್ಯೋಕೆ ಶುರು ಮಾಡಿದ್ರೆ ನಿಮ್ಮ ಹತ್ರ "ಅವುನಂಡಿ" ಬಿಟ್ರೆ ಬೇರೆ ಇರಲ್ಲ.

ಸರಿ, "ಕನ್ನಡ ಎಕ್ಸಲೆಂಟ್". ಇದನ್ನ ನೋಡಿ ನಗ್ತೀರಿ ನೀವು, ನಮ್ಮ ಭಾಷೆ ತಾನೇ ಅಂತ. ಪ್ಯಾನೆಲಲ್ಲಿ ಕೂತಾಗ ನಾನು ಜಾಸ್ತಿ ಜನಾನ ವಾಪಸ್ ಕಳ್ಸೋದು ಇಂಗ್ಲಿಷಿಗಲ್ಲ, ಕನ್ನಡಕ್ಕೇ. ಎಲ್ಲಿ ಬೀಳ್ತಾರೆ ಅಂದ್ರೆ ನಂಬರಲ್ಲಿ. ಕಸ್ಟಮರ್ ಏನು ಹೇಳ್ತಾರೆ, "ನೋಡಮ್ಮ, ಎಂಟುನೂರಾ ಎಪ್ಪತ್ತೊಂಬತ್ತು ಕಟ್ ಆಗಿದೆ, ನಾನು ಹಾಕ್ಸಿದ್ದು ಆರುನೂರಾ ತೊಂಬತ್ತೊಂಬತ್ತರದ್ದು." ಹುಡುಗ ಎಂಬತ್ತೊಂಬತ್ತು ಅಂತ ಟೈಪ್ ಮಾಡ್ತಾನೆ. ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು, ತೊಂಬತ್ತೊಂಬತ್ತು, ಈ ಮೂರನ್ನ ನೀವು ಮನೇಲಿ ಸೆವೆಂಟಿ ನೈನ್, ಏಯ್ಟಿ ನೈನ್ ಅಂತ್ಲೇ ಹೇಳಿ ಬೆಳೆದಿರೋದ್ರಿಂದ ಕಿವಿ ಗಕ್ಕಂತ ನಿಲ್ಲತ್ತೆ. ಒಂದೂಕಾಲು ಸಾವಿರ ಅಂದ್ರೆ ಎಷ್ಟು? (ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಆಮೇಲೆ ಒಬ್ರು "ಸಾವಿರದ ಇನ್ನೂರೈವತ್ತು" ಅಂದ್ರು.) ಕರೆಕ್ಟ್, ಆದ್ರೆ ಎಷ್ಟು ಹೊತ್ತು ತಗೊಂಡ್ರಿ? ಫೋನಲ್ಲಿ ಅಷ್ಟು ಹೊತ್ತು ಸುಮ್ನಿದ್ರೆ ಅದಕ್ಕೆ ಡೆಡ್ ಏರ್ ಅಂತ ಹೆಸರು, ಮಾರ್ಕ್ಸ್ ಹೋಗತ್ತೆ. ನಂಬರ್ ಅನುಮಾನ ಬಂದ್ರೆ ತಿರುಗಿಸಿ ಕೇಳ್ಬೇಕು, "ಎಂಟು ಏಳು ಒಂಬತ್ತು, ಸರೀನಾ ಸರ್?" ಅಂತ ಒಂದೊಂದಾಗಿ. ಹಂಗೆ ತಿರುಗಿಸಿ ಕೇಳಿದವ್ರನ್ನ ನಾನು ಯಾವತ್ತೂ ಬಿಟ್ಟಿಲ್ಲ, ಲೆಕ್ಕದಲ್ಲಿ ತಡವರಿಸಿದ್ರೂ.

ಎರಡನೇದು, ನಿಮ್ಮ ಕನ್ನಡ ನಿಮ್ಮ ಊರಿನ ಕನ್ನಡ. ಕಾಲ್ ಮಾತ್ರ ಬೀದರಿಂದ ಚಾಮರಾಜನಗರದವರೆಗೂ ಬರತ್ತೆ. ಒಂದು ಮಾಕ್ ಕಾಲ್, ಅಂದ್ರೆ ಪರೀಕ್ಷೆಗೆ ಅಂತ ಮಾಡೋ ನಾಟಕದ ಕಾಲ್, ಹೇಳ್ತೀನಿ, ಪೂರ್ತಿಯಾಗಿ ಹೇಳ್ತೀನಿ ಯಾಕಂದ್ರೆ ಆಪ್ಸ್, ಅಂದ್ರೆ ಆಪರೇಷನ್ಸ್ ರೌಂಡ್ ಅಂದ್ರೆ ಇದೇನೇ. ನನ್ನ ಪಕ್ಕ ಪ್ಯಾನೆಲಲ್ಲಿ ಕಲಬುರಗಿ ಕಡೆಯವ್ರೊಬ್ರು ಇದ್ರು, ಅವ್ರು ಕಸ್ಟಮರ್ ಪಾರ್ಟು. ಒಬ್ಬ ಹುಡುಗ ಬಂದ, ಮೈಸೂರಿನೋನು, ಒಳ್ಳೇ ದನಿ, ರೇಡಿಯೋದಲ್ಲಿ ಮಾತಾಡೋ ಥರ. ಇವ್ರು ಶುರು ಮಾಡಿದ್ರು, "ಏನ್ರೀ, ನಿನ್ನೆ ಸಂಜಿಮುಂದ ರೀಚಾರ್ಜ್ ಮಾಡೀನಿ, ರೊಕ್ಕ ಕಟ್ ಆಗ್ಯಾವ, ನೆಟ್ ಚಾಲೂನೇ ಆಗಿಲ್ಲ, ಯಾರನ್ನ ಕೇಳ್ಬೇಕ್ರೀ ನಾ?" ಹುಡುಗ, "ಕ್ಷಮಿಸಿ ಸರ್, ನಿಮ್ಮ ಸಮಸ್ಯೆ ಏನೆಂದು ದಯವಿಟ್ಟು ತಿಳಿಸುವಿರಾ?" ಅಂದ. ಅವ್ರು ಹೇಳಿದ್ದೇ ಸಮಸ್ಯೆ! ಇವ್ರು ದನಿ ಏರಿಸಿದ್ರು, "ಈಗ ಹೇಳಿದ್ನಲ್ರೀ, ಮತ್ತ್ಯಾಕ ಕೇಳ್ತೀರಿ?" ಅಲ್ಲಿಂದ ಅವ್ನು ಸ್ಕ್ರಿಪ್ಟ್ ಹಿಡ್ಕೊಂಡು ಒದ್ದಾಡಿದ, ಎರಡು ಸಲ ಹೋಲ್ಡ್ ಹಾಕ್ತೀನಿ ಅಂತಾನೂ ಹೇಳ್ದೇ ಸುಮ್ನಾದ.

ಅವತ್ತೇ ಮಧ್ಯಾಹ್ನ ಅರಸೀಕೆರೆ ಕಡೆ ಒಬ್ಬ ಹುಡುಗಿ, ದನಿ ಸಣ್ಣ, ಕೈ ನಡುಗ್ತಾ ಇತ್ತು. ಅದೇ ಕಥೆ ಹೇಳಿದ್ರು ಇವ್ರು. ಅವ್ಳು, "ಸರ್, ನಿನ್ನೆ ಸಾಯಂಕಾಲ ರೀಚಾರ್ಜ್ ಮಾಡಿದ್ದೀರ, ದುಡ್ಡು ಕಟ್ ಆಗಿದೆ ಆದ್ರೆ ನೆಟ್ ಬಂದಿಲ್ಲ, ಸರಿ ತಾನೇ? ನಿನ್ನೆಯಿಂದ ನೆಟ್ ಇಲ್ದೆ ತೊಂದ್ರೆ ಆಗಿರತ್ತೆ, ನಂಬರ್ ಹೇಳಿ ನೋಡ್ಬಿಡ್ತೀನಿ." ನಂಬರ್ ತಗೊಂಡ್ಲು, ತಿರುಗಿಸಿ ಹೇಳಿದ್ಲು, "ಒಂದು ನಿಮಿಷ ಲೈನಲ್ಲಿರ್ತೀರಾ ಸರ್, ಚೆಕ್ ಮಾಡ್ತೀನಿ" ಅಂತ ಕೇಳಿ ಹೋಲ್ಡ್ ಹಾಕಿದ್ಲು, ವಾಪಸ್ ಬಂದು "ಕಾದಿದ್ದಕ್ಕೆ ಥ್ಯಾಂಕ್ಸ್ ಸರ್" ಅಂದ್ಲು. ಯಾರೂ ಹೇಳಿಕೊಟ್ಟಿರ್ಲಿಲ್ಲ ಅವ್ಳಿಗೆ. ಆಮೇಲೆ ಕೇಳಿದ್ರೆ ಅವ್ರಪ್ಪಂದು ಕಿರಾಣಿ ಅಂಗಡಿಯಂತೆ, ಸಾಮಾನು ಚೀಟಿ ತಿರುಗಿಸಿ ಓದಿ ಹೇಳೋದು ಅಭ್ಯಾಸ ಅಂತೆ. ಆಪ್ಸ್ ರೌಂಡಲ್ಲಿ ನಾವು ನೋಟ್ ಮಾಡ್ಕೊಳ್ಳೋದು ಇದನ್ನೇ: ಕೇಳಿಸ್ಕೊಂಡಿದ್ದನ್ನ ತಿರುಗಿಸಿ ಹೇಳಿದ್ರಾ, ಹೋಲ್ಡ್‌ಗೆ ಪರ್ಮಿಷನ್ ಕೇಳಿದ್ರಾ, ಗೊತ್ತಿಲ್ದೇ ಇರೋದನ್ನ ಆಗೋಗತ್ತೆ ಅಂತ ಮಾತು ಕೊಟ್ಟುಬಿಟ್ರಾ. ಮೂರನೇದು ಬಹಳ ದೊಡ್ಡ ತಪ್ಪು. "ಸಂಜೆಯೊಳಗೆ ರಿಫಂಡ್ ಬರತ್ತೆ ಸರ್" ಅಂತ ಸಮಾಧಾನಕ್ಕೆ ಹೇಳಿದ್ರೆ ಅಲ್ಲೇ ಕಟ್. ಆ ಹುಡುಗಿ ಸೆಲೆಕ್ಟ್ ಆದ್ಲು, ಮೈಸೂರ ಹುಡುಗ ಆಗಲಿಲ್ಲ. ಪುಸ್ತಕದ ಕನ್ನಡ ಮಾತಾಡೋದು ತಪ್ಪಲ್ಲ, ಆದ್ರೆ ಆ ಕಡೆಯವ್ರು ಬಿಸಿಯಾಗಿದ್ದಾಗ "ತಿಳಿಸುವಿರಾ" ಅಂದ್ರೆ ಗವರ್ಮೆಂಟ್ ಆಫೀಸ್ ಥರ ಕೇಳ್ಸತ್ತೆ.

ಇಂಗ್ಲಿಷ್ ಆವರೇಜ್ ಅಂತ ಬರ್ದಿದ್ದಾರಲ್ಲ, ಅದನ್ನ ನೋಡೋಕೇ ವರ್ಸಂಟ್ ರೌಂಡ್. ಅದು ಪಿಯರ್ಸನ್ ಕಂಪನಿ ಟೆಸ್ಟು, ಕಂಪ್ಯೂಟರ್ ಮುಂದೆ ಹೆಡ್‌ಸೆಟ್ ಹಾಕಿ ಕೂರಿಸ್ತಾರೆ, ಕಾಲು ಗಂಟೆ ಚಿಲ್ರೆ, ಎದುರಿಗೆ ಮನುಷ್ಯ ಇರಲ್ಲ, ಮಾರ್ಕ್ಸನ್ನೂ ಕಂಪ್ಯೂಟರೇ ಹಾಕತ್ತೆ. ಮೊದಲು ಸ್ಕ್ರೀನಲ್ಲಿರೋ ವಾಕ್ಯ ಓದಿಸ್ತಾರೆ, ಆಮೇಲೆ ಕೇಳಿಸಿದ ವಾಕ್ಯಾನ ಹಂಗೇ ತಿರುಗಿ ಹೇಳ್ಬೇಕು, ಇದು ಮೊದಲು ನಾಲ್ಕು ಪದ ಇರತ್ತೆ, ಹೋಗ್ತಾ ಹೋಗ್ತಾ ಬಾಲ ಬೆಳೆಯತ್ತೆ. ಆಮೇಲೆ ಚಿಕ್ಕ ಪ್ರಶ್ನೆ, ಒಂದೇ ಪದದ ಉತ್ತರ. ಆಮೇಲೆ ಚೂರು ಚೂರು ಮಾಡಿದ ವಾಕ್ಯ, "ಅಟ್ ನೈನ್", "ದ ಶಾಪ್", "ಓಪನ್ಸ್" ಅಂತ ಕಲಸಿ ಹೇಳ್ತಾರೆ, ನೀವು ಸರಿಯಾಗಿ ಜೋಡಿಸಿ ಹೇಳ್ಬೇಕು. ಕೊನೇಲಿ ಸಣ್ಣ ಕಥೆ ಕೇಳಿ ಅದನ್ನ ನಿಮ್ಮ ಮಾತಲ್ಲಿ ಹೇಳೋದು, ಒಂದೆರಡು ಓಪನ್ ಪ್ರಶ್ನೆ. ಕಂಪನಿ ಪ್ರಕಾರ ಭಾಗಗಳು ಸ್ವಲ್ಪ ಹೆಚ್ಚು ಕಮ್ಮಿ ಆಗತ್ತೆ, ಕೆಲವ್ರು ವರ್ಸಂಟ್ ಬದ್ಲು ಬೇರೆ ಟೆಸ್ಟ್ ಇಡ್ತಾರೆ, ಧಾಟಿ ಒಂದೇ.

ಇದ್ರಲ್ಲಿ ನಮ್ಮೋರು ಎಡವೋದು ಗ್ರಾಮರಲ್ಲಿ ಅನ್ಕೊಂಡ್ರೆ ತಪ್ಪು. ಬೀಪ್ ಬರೋ ಮುಂಚೆ ಮಾತಾಡಿ ಅರ್ಧ ವಾಕ್ಯ ರೆಕಾರ್ಡೇ ಆಗಿರಲ್ಲ. ಒಂದು ಪದ ಮರೆತೋಯ್ತು ಅಂತ ಇಡೀ ವಾಕ್ಯ ನುಂಗಿಕೊಂಡು ಕೂರ್ತಾರೆ, ನೆನಪಿರೋ ಅಷ್ಟನ್ನಾದ್ರೂ ಹೇಳಿದ್ರೆ ಅಷ್ಟಕ್ಕೆ ಸಿಗ್ತಿತ್ತು. ಇನ್ನು ಕೆಲವ್ರು ಪ್ರೈಮರಿ ಸ್ಕೂಲಲ್ಲಿ ಪದ್ಯ ಒಪ್ಪಿಸಿದ ಹಾಗೆ ರಾಗದಲ್ಲಿ ಓದ್ತಾರೆ, ಅದ್ರಿಂದ ಫ್ಲೂಯೆನ್ಸಿ ಸ್ಕೋರ್ ಬೀಳತ್ತೆ. ಉಚ್ಚಾರಣೆ ವಿಷ್ಯ, ಕಾಲ್ ಸೆಂಟರಿನೋರು ಎಂಟಿಐ ಅಂತಾರೆ, ಮಾತೃಭಾಷೆ ಛಾಯೆ ಅಂತ. ಕನ್ನಡದೋರದ್ದು ಗುರುತು ಹಿಡಿಯೋದು ಸುಲಭ, ಪದದ ಕೊನೇಲಿ ಒಂದು ಉಕಾರ ಸೇರಿಸ್ತೀವಿ, ಬಸ್ಸು, ಕಾರು, ಫ್ರಿಡ್ಜು, ಮತ್ತೆ ಎಗ್ ಅನ್ನೋದನ್ನ ಯೆಗ್ ಅಂತೀವಿ, ಓನ್ಲಿ ಅನ್ನೋದನ್ನ ವೋನ್ಲಿ ಅಂತೀವಿ. ಕನ್ನಡ ಪ್ರೋಸೆಸ್‌ಗೆ ಇದು ಅಷ್ಟೇನೂ ಅಡ್ಡ ಬರಲ್ಲ, ಇಂಗ್ಲಿಷ್ ಕಟಾಫ್ ಅಲ್ಲಿ ಕಮ್ಮಿ ಇರತ್ತೆ. ಅಮೆರಿಕದ ಕಸ್ಟಮರ್ ಜೊತೆ ಮಾತಾಡೋ ಯುಎಸ್ ಪ್ರೋಸೆಸ್‌ಗೆ ಹೋದ್ರೆ ಅಡ್ಡ ಬರತ್ತೆ. ಕೆಲವು ಮೆಸೇಜಲ್ಲಿ ಬಿ ಟೂ, ಸಿ ಒನ್ ಅಂತ ಬರ್ದಿರ್ತಾರೆ, ಅದು ಬ್ಲಡ್ ಗ್ರೂಪ್ ಅಲ್ಲ, ಯೂರೋಪಿನೋರು ಮಾಡಿರೋ ಭಾಷೆ ಮೆಟ್ಟಿಲು, ಎ ಒನ್ನಿಂದ ಸಿ ಟೂ ವರೆಗೆ ಆರು ಮೆಟ್ಟಿಲು. ಬಿ ಟೂ ಅಂದ್ರೆ ತಯಾರಿ ಇಲ್ದೆ, ಎದುರಿಗಿರೋರಿಗೆ ಕಷ್ಟ ಆಗದ ಹಾಗೆ ಮಾತು ಮುಂದುವರಿಸೋಕೆ ಆಗತ್ತೆ ಅಂತ.

ಚಾಟ್ ಪ್ರೋಸೆಸ್ ಆದ್ರೆ ಇನ್ನೊಂದು ಟೈಪಿಂಗ್ ಟೆಸ್ಟ್ ಇರತ್ತೆ, ಅದರ ಬಗ್ಗೆ ಇವತ್ತು ಬೇಡ, ಇದು ವಾಯ್ಸ್ ಮೆಸೇಜು.

ಈಗ ಶಿಫ್ಟ್. ಇಲ್ಲಿ ನನ್ನ ಸ್ವಂತ ಕಥೆ ಹೇಳ್ಲೇಬೇಕು. ನಾನು ಮೊದಲು ಸೇರಿದ ಕಂಪನಿ ಹೆಸರು ಬೇಡ, ಮೆಸೇಜಲ್ಲಿ ಇದೇ ಪದ ಇತ್ತು, ರೊಟೇಷನಲ್ ಶಿಫ್ಟ್. ನಾನು ಅನ್ಕೊಂಡಿದ್ದು ಬೆಳಗ್ಗೆ ಇಲ್ಲ ಮಧ್ಯಾಹ್ನ, ಹಂಗೆ ತಿರುಗತ್ತೆ ಅಂತ. ಬೊಮ್ಮನಹಳ್ಳಿ ಹತ್ರ ಒಂದು ಪಿಜಿ ಹಿಡಿದೆ, ಎರಡು ತಿಂಗಳ ಅಡ್ವಾನ್ಸ್ ಕೊಟ್ಟು. ಪಿಜಿ ಆಂಟಿ ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕೋರು. ಎರಡನೇ ವಾರ ರೋಸ್ಟರ್ ಬಂತು, ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದು. ಕ್ಯಾಬ್ ನನ್ನನ್ನ ಹನ್ನೊಂದೂ ಮುಕ್ಕಾಲಿಗೆ ಇಳಿಸಿ ಹೋಯ್ತು, ಗೇಟು ಹಾಕಿತ್ತು. ಅರ್ಧ ಗಂಟೆ ಫೋನ್ ಮಾಡಿದ್ಮೇಲೆ ಆಂಟಿ ಬಂದು ತೆಗೆದ್ರು, ಮೂರನೇ ದಿನ ಬೇರೆ ಪಿಜಿ ನೋಡ್ಕೋ ಮಗಾ ಅಂದ್ರು. ಅಡ್ವಾನ್ಸಲ್ಲಿ ಒಂದು ತಿಂಗಳದ್ದು ಹೋಯ್ತು. ತಪ್ಪು ಆಂಟಿದಲ್ಲ, ಕಂಪನಿದೂ ಪೂರ್ತಿ ಅಲ್ಲ, ನಾನು ಒಂದು ಪ್ರಶ್ನೆ ಕೇಳಿರ್ಲಿಲ್ಲ. ಆ ಪ್ರಶ್ನೆ, "ಶಿಫ್ಟ್ ವಿಂಡೋ ಎಷ್ಟರಿಂದ ಎಷ್ಟು?"

ವಿಂಡೋ ಅಂದ್ರೆ ಲೈನ್ ಓಪನ್ ಇರೋ ಹೊತ್ತು. ಬೆಳಗ್ಗೆ 7ರಿಂದ ರಾತ್ರಿ 10 ವಿಂಡೋ ಅಂದ್ರೆ ನಿಮ್ಮ 9 ಗಂಟೆ ಕೆಲ್ಸ ಅದರೊಳಗೆ ಎಲ್ಲಾದ್ರೂ ಬೀಳತ್ತೆ. ಇಪ್ಪತ್ತನಾಲ್ಕು ಗಂಟೆ ವಿಂಡೋ ಅಂದ್ರೆ ಎಲ್ಲಾದ್ರೂ ಅಂದ್ರೆ ಎಲ್ಲಾದ್ರೂ. ರೊಟೇಷನಲ್ ಅನ್ನೋ ಒಂದೇ ಪದ ಎರಡಕ್ಕೂ ಹಾಕ್ತಾರೆ. ಇನ್ನು ಯುಎಸ್ ಪ್ರೋಸೆಸ್ ಆದ್ರೆ ಅಲ್ಲಿನವ್ರು ಗಡಿಯಾರ ತಿರುಗಿಸೋದು ಬೇರೆ ಇದೆ, ನ್ಯೂಯಾರ್ಕಿನ ಬೆಳಗ್ಗೆ 9 ಗಂಟೆ ನಮಗೆ ಬೇಸಿಗೇಲಿ ಸಂಜೆ 6.30, ಚಳಿಗಾಲದಲ್ಲಿ 7.30. ಮಾರ್ಚಲ್ಲಿ ಒಂದು ಸಲ, ನವೆಂಬರಲ್ಲಿ ಒಂದು ಸಲ ನಿಮ್ಮ ಕ್ಯಾಬ್ ಟೈಮೂ ಅದರ ಜೊತೆ ಜಾರತ್ತೆ.

ಇನ್ನೊಂದು ಕೇಳ್ಬೇಕಾದ್ದು ಎಷ್ಟು ದಿನಕ್ಕೊಮ್ಮೆ ತಿರುಗತ್ತೆ, ಯಾವ ದಿಕ್ಕಿಗೆ ತಿರುಗತ್ತೆ. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ, ಹಿಂಗೆ ಮುಂದಕ್ಕೆ ತಿರುಗಿದ್ರೆ ಮೈ ಒಗ್ಗಿಕೊಳ್ಳತ್ತೆ, ಯಾಕಂದ್ರೆ ಲೇಟಾಗಿ ಮಲಗೋದು ಸುಲಭ, ಬೇಗ ನಿದ್ದೆ ಬರ್ಸೋದೇ ಕಷ್ಟ. ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಗ್ಗೆಗೆ, ಹಿಂಗೆ ಹಿಂದಕ್ಕೆ ತಿರುಗಿಸಿದ್ರೆ ನೀವು ಸಾಯ್ತೀರಿ. ಅತಿ ಕೆಟ್ಟದ್ದು ಅಂದ್ರೆ ರಾತ್ರಿ 11ಕ್ಕೆ ಲಾಗೌಟ್, ಮಾರನೇ ದಿನ ಬೆಳಗ್ಗೆ 7ಕ್ಕೆ ಲಾಗಿನ್. ನಾನು ರೋಸ್ಟರ್ ಮಾಡುವಾಗ ಎಕ್ಸೆಲ್ಲಲ್ಲಿ ಅದು ಎರಡು ಬಾಕ್ಸ್ ಅಷ್ಟೇ, ಕೆಂಪು ಬಣ್ಣಾನೂ ಬರ್ತಿರ್ಲಿಲ್ಲ. ಒಂದಿನ ಒಬ್ಬ ಹುಡುಗಿ ಬಂದು ನನ್ನ ಡೆಸ್ಕ್ ಮುಂದೆ ನಿಂತು, "ಮೇಡಂ ನಾನು ಸಿಲ್ಕ್ ಬೋರ್ಡ್ ದಾಟಿ ಮನೆಗೆ ಹೋಗೋಷ್ಟರಲ್ಲಿ ಹನ್ನೆರಡೂವರೆ, ನಾಲ್ಕೂವರೆಗೆ ಎದ್ರೆ ಐದೂ ಕಾಲಿಗೆ ಪಿಕಪ್, ನೀವೇ ಲೆಕ್ಕ ಹಾಕಿ" ಅಂದ್ಲು. ಅವತ್ತಿಂದ ಹನ್ನೆರಡು ಗಂಟೆ ಗ್ಯಾಪ್ ಇಲ್ದೇ ಇರೋ ರೋಸ್ಟರ್ ನಾನು ಕಳ್ಸಲಿಲ್ಲ, ಅದಕ್ಕೆ ಬಯ್ಸ್ಕೊಂಡೂ ಇದ್ದೀನಿ.

ರೊಟೇಷನಲ್ ವೀಕ್ ಆಫ್ ಅಂದ್ರೆ ಭಾನುವಾರ ನಿಮ್ದಲ್ಲ. ಈ ವಾರ ಮಂಗಳವಾರ, ಮುಂದಿನ ವಾರ ಶುಕ್ರವಾರ. ಈ ಮಂಗಳವಾರ ಆಫ್ ಮುಗಿಸಿ ಬುಧವಾರ ಶುರು ಮಾಡಿ ಮುಂದಿನ ವಾರದ ಗುರುವಾರದವರೆಗೆ ಎಣಿಸಿ, ಒಂಬತ್ತು ದಿನ ಸತತ. ಕಾಗದದ ಮೇಲೆ ವಾರಕ್ಕೊಂದು ರಜೆ ಇದ್ದೇ ಇದೆ. ಯುಗಾದಿ, ದೀಪಾವಳಿ ದಿನ ಲೈನ್ ಬಿಝಿ ಇರತ್ತೆ, ಅವತ್ತು ರಜೆ ಕೇಳೋರ ಲಿಸ್ಟೂ ಉದ್ದ ಇರತ್ತೆ, ಹೊಸಬ್ರ ಹೆಸರು ಕೊನೇಲಿರತ್ತೆ.

(ಇಲ್ಲಿ ಒಬ್ಬ ಹುಡುಗಿ ಕೇಳಿದ್ಲು, "ಮೇಡಂ ಮನೇಲಿ ನೈಟ್ ಶಿಫ್ಟ್ ಅಂದ್ರೆ ಕಳ್ಸಲ್ಲ, ಕ್ಯಾಬ್ ಕೊಡ್ತಾರೆ ಅಂತ ಹೇಳ್ಲಾ?")

ಕೊಡ್ತಾರಾ ಅಂತ ಮೊದಲು ಕೇಳು ಪುಟ್ಟಾ, ಆಮೇಲೆ ಮನೇಲಿ ಹೇಳು. ಕರ್ನಾಟಕದಲ್ಲಿ ಹೆಂಗಸರನ್ನ ರಾತ್ರಿ ಕೆಲ್ಸಕ್ಕೆ ಹಾಕ್ಕೊಳ್ಳೋ ಕಂಪನಿಗೆ ಗಾಡಿ ವ್ಯವಸ್ಥೆ, ಸೆಕ್ಯುರಿಟಿ ಎಲ್ಲ ಮಾಡ್ಬೇಕು ಅಂತ ಷರತ್ತಿದೆ. 2005ರ ಡಿಸೆಂಬರಲ್ಲಿ ಬೆಂಗಳೂರಲ್ಲಿ ನೈಟ್ ಶಿಫ್ಟಿಗೆ ಹೊರಟ ಕಾಲ್ ಸೆಂಟರ್ ಹೆಣ್ಮಗಳೊಬ್ಳನ್ನ ಗಾಡಿ ಡ್ರೈವರೇ ಕೊಲೆ ಮಾಡಿದ, ನೀವು ಆಗಿನ್ನೂ ಎಳೆ ಮಕ್ಕಳು, ನಿಮ್ಮ ಅಪ್ಪ ಅಮ್ಮಂಗೆ ನೆನಪಿರತ್ತೆ. ಅದಾದ್ಮೇಲೆ ಕ್ಯಾಬ್ ವಿಷ್ಯ ಬಿಗಿಯಾಯ್ತು. ಹೆಂಗಸ್ರು ಮೊದಲ ಪಿಕಪ್ಪೋ ಕೊನೇ ಡ್ರಾಪೋ ಆದ್ರೆ ಜೊತೆಗೆ ಗಾರ್ಡ್ ಕೂರ್ಬೇಕು, ಇದನ್ನ ಪಾಲಿಸೋ ಕಂಪನೀಲಿ ನೀವು ಮನೆ ಬಾಗಿಲಿಗೆ ಹೋದ್ರಾ ಅಂತ ಫೋನ್ ಮಾಡಿ ಕೇಳ್ತಾರೆ. ಆದ್ರೆ ಮೆಸೇಜಲ್ಲಿ "ಕ್ಯಾಬ್" ಅಂತ ಒಂದೇ ಪದ ಇದ್ರೆ ಮೋಸ ಹೋಗ್ತೀರಿ. ಎಷ್ಟು ಗಂಟೆ ಮೇಲಿನ ಲಾಗೌಟಿಗೆ ಕ್ಯಾಬ್, ಆಫೀಸಿಂದ ಎಷ್ಟು ಕಿಲೋಮೀಟರ್ ಒಳಗೆ, ಒಂದು ಕಡೆನಾ ಎರಡು ಕಡೆನಾ. ಎಷ್ಟೋ ಕಡೆ ರಾತ್ರಿ ಎಂಟರೊಳಗೆ ಲಾಗೌಟ್ ಆದ್ರೆ ಬಿಎಂಟಿಸಿನೇ ಗತಿ. ಈ ಹುಡುಗಿ ಮೆಸೇಜಲ್ಲಿ ಕ್ಯಾಬ್ ಅನ್ನೋ ಪದವೇ ಇಲ್ಲ, ಗಮನಿಸಿದ್ರಾ?

ಮೆಸೇಜಲ್ಲಿ ಇಲ್ದೇ ಇರೋದು ಇನ್ನೂ ಒಂದಿದೆ. ರೌಂಡ್ಸ್ ಮೂರು ಅಂತ ಬರ್ದಿದ್ದಾರೆ, ನಿಜವಾಗ್ಲೂ ನಾಲ್ಕು. ಎಚ್‌ಆರ್ ರೌಂಡ್ ಹತ್ತು ನಿಮಿಷ, ಶಿಫ್ಟ್ ಓಕೆನಾ, ಮಾರ್ಕ್ಸ್ ಕಾರ್ಡ್ ಇದ್ಯಾ, ಬೇರೆ ಕಡೆ ಓದ್ತಾ ಇದ್ದೀರಾ ಅಂತ. ವರ್ಸಂಟ್ ಆಯ್ತು, ಆಪ್ಸ್ ಆಯ್ತು, ಆಫರ್ ಲೆಟರ್ ಬಂತು, ಫೇಸ್‌ಬುಕ್ಕಲ್ಲಿ ಫೋಟೋ ಹಾಕಿದ್ರಿ. ಆಮೇಲೆ ಎರಡು ಮೂರು ವಾರ ಪ್ರೋಸೆಸ್ ಟ್ರೈನಿಂಗ್, ಅದರ ಕೊನೇಲಿ ಸರ್ಟಿಫಿಕೇಷನ್ ಅಂತ ಪರೀಕ್ಷೆ, ಅದೂ ಮಾಕ್ ಕಾಲೇ, ಜೊತೆಗೆ ಬರೆಯೋ ಟೆಸ್ಟು. ಅದರಲ್ಲಿ ಫೇಲಾದ್ರೆ ಒಂದು ಸಲ ಚಾನ್ಸ್ ಕೊಡ್ತಾರೆ, ಮತ್ತೆ ಫೇಲಾದ್ರೆ ಮನೆಗೆ. ನಾನು ಕಂಡ ಹಾಗೆ ಜನ ಅಳೋದು ಇಂಟರ್‌ವ್ಯೂನಲ್ಲಿ ಅಲ್ಲ, ಇಲ್ಲಿ, ಯಾಕಂದ್ರೆ ಅಷ್ಟೊತ್ತಿಗೆ ಪಿಜಿ ಅಡ್ವಾನ್ಸ್ ಕೊಟ್ಟಾಗಿರತ್ತೆ. ಟ್ರೈನಿಂಗ್ ದಿನಗಳಿಗೆ ಪೂರ್ತಿ ಸಂಬಳಾನಾ, ಸ್ಟೈಪೆಂಡಾ, ಸರ್ಟಿಫೈ ಆದ್ರೆ ಮಾತ್ರಾನಾ ಅಂತ ಲೆಟರಲ್ಲಿ ಹುಡುಕಿ. ಟ್ರೈನಿಂಗ್ ಬರೀ ಡೇ ಶಿಫ್ಟಲ್ಲಿ ಇರತ್ತೆ ಸಾಮಾನ್ಯವಾಗಿ, ಆದ್ರಿಂದ ಮೊದಲ ತಿಂಗಳು ಎಲ್ಲ ಚೆನ್ನಾಗೇ ಕಾಣ್ಸತ್ತೆ, ಅದನ್ನ ನೋಡಿ ಮನೇಲಿ ಡೇ ಶಿಫ್ಟ್ ಅಂತ ಹೇಳ್ಬಿಡ್ಬೇಡಿ.

ಮೆಸೇಜ್ ಕಳ್ಸಿದವ್ರು ಯಾರು ಅಂತಾನೂ ನೋಡಿ. ಬಹಳಷ್ಟು ಸಲ ಕಂಪನಿಯವ್ರಲ್ಲ, ಕನ್ಸಲ್ಟೆನ್ಸಿ. ನೀವು ಸೇರಿ ಒಂದು ಇಷ್ಟು ದಿನ, ಅರವತ್ತೋ ತೊಂಬತ್ತೋ, ಉಳಿದ್ರೆ ಅವ್ರಿಗೆ ಕಂಪನಿಯಿಂದ ದುಡ್ಡು. ಹಂಗಾಗಿ ಅವ್ರು ನಿಮ್ಮ ಹತ್ರ ಒಂದು ರೂಪಾಯಿನೂ ಕೇಳೋ ಅಗತ್ಯ ಇಲ್ಲ. ರಿಜಿಸ್ಟ್ರೇಷನ್ ಫೀ, ಐಡಿ ಕಾರ್ಡ್ ಡೆಪಾಸಿಟ್, ಲ್ಯಾಪ್‌ಟಾಪ್ ಕೊರಿಯರ್ ಚಾರ್ಜ್ ಅಂತ ಏನೇ ಕೇಳಿದ್ರೂ ಅಲ್ಲಿಗೇ ನಂಬರ್ ಬ್ಲಾಕ್ ಮಾಡಿ. ಹಂಗಂತ ಒಳ್ಳೇ ಕನ್ಸಲ್ಟೆನ್ಸಿಯವ್ರು ಹೇಳೋದೆಲ್ಲ ನಿಜಾನೂ ಅಲ್ಲ, ನಿಮ್ಮನ್ನ ಒಳಗೆ ಕಳ್ಸೋದು ಅವ್ರ ಕೆಲ್ಸ, ಡೇ ಶಿಫ್ಟೇ ಇರತ್ತೆ ಬಾ ಅಂತ ಬಾಯಲ್ಲಿ ಹೇಳ್ತಾರೆ. ಬಾಯಲ್ಲಿ ಹೇಳಿದ್ದನ್ನ ಮೆಸೇಜಲ್ಲಿ ಹಾಕಿ ಅಂತ ಕೇಳಿ ನೋಡಿ, ದನಿ ಬದಲಾಗತ್ತೆ.

ಕೊನೇ ಪ್ರಶ್ನೆ ಆ ಹುಡುಗೀದೇ, ಬೆಳಗ್ಗೆ ಫೋನ್ ತೋರ್ಸಿದೋಳದ್ದು. "ಹಂಗಾದ್ರೆ ಇದಕ್ಕೆ ಏನಂತ ರಿಪ್ಲೈ ಮಾಡ್ಲಿ ಮೇಡಂ?" ಬಾ ಇಲ್ಲಿ, ಎಲ್ರೆದುರಿಗೇ ಮಾಡೋಣ ಅಂದೆ. ಟೈಪ್ ಮಾಡಿಸಿದ್ದು ಇಷ್ಟು. "ನಮಸ್ತೆ, ಕನ್ನಡ ಚೆನ್ನಾಗಿ ಬರತ್ತೆ, ತೆಲುಗು ಅರ್ಥ ಆಗತ್ತೆ ಮಾತಾಡೋಕೆ ಕಷ್ಟ. ಶಿಫ್ಟ್ ವಿಂಡೋ ಎಷ್ಟರಿಂದ ಎಷ್ಟು? ರಾತ್ರಿ ಲಾಗೌಟಿಗೆ ಕ್ಯಾಬ್ ಇದ್ಯಾ, ಎಷ್ಟು ಕಿಮೀ? ಟ್ರೈನಿಂಗಲ್ಲಿ ಸಂಬಳ ಇದ್ಯಾ, ಸರ್ಟಿಫಿಕೇಷನ್‌ಗೆ ಎಷ್ಟು ಅಟೆಂಪ್ಟ್?" ತೆಲುಗು ವಿಷ್ಯ ಯಾಕೆ ಹೇಳ್ಬೇಕು ಅಂತ ಹಿಂದಿನ ಬೆಂಚಲ್ಲಿ ಗೊಣಗಿದ್ರು. ಕನ್ನಡ ಕ್ಯೂನಲ್ಲಿ ಹಗಲಿಗೇ ಜನ ಬೇಕಾಗಿದ್ರೆ ಅದಿಲ್ದೇನೂ ಕರೀತಾರೆ, ರಾತ್ರಿ ಸೀಟಿಗೇ ಹುಡುಕ್ತಾ ಇದ್ರೆ ಕರಿಯಲ್ಲ, ಅಷ್ಟರಲ್ಲೇ ಅದು ಯಾವ ಸೀಟು ಅಂತ ಗೊತ್ತಾಗತ್ತೆ.

ಎರಡು ನೀಲಿ ಟಿಕ್ ಬಂತು. ವಂದನಾರ್ಪಣೆ ಮುಗಿದು ಬಾಳೆಹಣ್ಣು, ಮಿಕ್ಸ್ಚರ್ ಕೊಡ್ತಾ ಇದ್ದಾಗ ಅವ್ಳು ಓಡಿ ಬಂದ್ಲು. ರಿಪ್ಲೈ ಬಂದಿತ್ತು, "ವಿಂಡೋ 24x7. ಫೀಮೇಲ್ 8 ಪಿಎಂ ಟು 8 ಎಎಂ ಕ್ಯಾಬ್, 20 ಕಿಮೀ. ಟ್ರೈನಿಂಗ್ 15 ಡೇಸ್ ಪೇಯ್ಡ್, 2 ಅಟೆಂಪ್ಟ್. ತೆಲುಗು ಟೆಸ್ಟ್ ಮಾಡ್ತೀವಿ, ನಾಳೆ ಬನ್ನಿ." ಅವ್ಳು ಅದನ್ನ ಅವ್ರ ಅಮ್ಮಂಗೆ ಫಾರ್ವರ್ಡ್ ಮಾಡಿ, ಕೆಳಗಡೆ "24x7 ಅಂದ್ರೆ ರಾತ್ರಿನೂ ಇರತ್ತೆ" ಅಂತ ಸೇರಿಸಿ ಕಳ್ಸಿದ್ಲು.